ಸಂಬಳ ಎಷ್ಟೆಂದು ಮೊದಲೇ ಬರೆಯಿರಿ

ಕುಂಬಳೆಯಿಂದ ಬಂದಿದ್ದ ಆ ಮನುಷ್ಯ ತನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಫೈಲಿಗೆ ಸೇರಿಸಿಕೊಂಡ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವಯಸ್ಸು ನಲವತ್ತರ ಹತ್ತಿರ. ಗಲ್ಫಿನಲ್ಲಿ ಹತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿ ಊರಿಗೆ ಬಂದವರು. ನಮ್ಮ ಅಂಗಡಿಗೆ ಅಕೌಂಟ್ಸ್ ನೋಡಿಕೊಳ್ಳಲು ಒಬ್ಬರು ಬೇಕೆಂದು ನಾನು ವಾಟ್ಸಪ್‌ನಲ್ಲಿ ಹಾಕಿದ್ದನ್ನು ನೋಡಿ ಬಂದಿದ್ದರು. ಮೊದಲ ಸಲ ಮಾತಾಡಿದಾಗ ಕೆಲಸದ ಬಗ್ಗೆ ಮಾತ್ರ ಮಾತಾಯಿತು. ಎರಡನೇ ಸಲ ಕರೆಸಿದೆ. ಟ್ಯಾಲಿಯಲ್ಲಿ ಒಂದಷ್ಟು ಎಂಟ್ರಿ ಮಾಡಿಸಿ ನೋಡಿದೆ. ಚೆನ್ನಾಗಿಯೇ ಮಾಡಿದರು. ಕೊನೆಗೆ ನಾನು ಇಪ್ಪತ್ತು ಸಾವಿರ ಅಂದೆ. ಅವರ ಮನಸ್ಸಿನಲ್ಲಿ ಇದ್ದದ್ದು ಮೂವತ್ತೈದು.

ಅವರು ಜಗಳ ಮಾಡಲಿಲ್ಲ. "ಇದನ್ನು ಮೊದಲೇ ಹೇಳಿದ್ದರೆ ನಿಮಗೂ ಎರಡು ದಿನ ಉಳಿಯುತ್ತಿತ್ತು, ನನಗೂ ಉಳಿಯುತ್ತಿತ್ತು" ಅಂದರು, ಅಷ್ಟೇ. ಚಹಾ ತರಿಸಿದ್ದೆ. ಕುಡಿಯದೆ ಹೋದರು.

ನಾನು ಹಾಕಿದ್ದ ಪ್ರಕಟಣೆಯಲ್ಲಿ ಸಂಬಳದ ಜಾಗದಲ್ಲಿ ಏನಿತ್ತು ಗೊತ್ತೇ? "ಅನುಭವಕ್ಕೆ ತಕ್ಕ ಆಕರ್ಷಕ ಸಂಬಳ." ನಮ್ಮ ಊರಿನ ಎಲ್ಲ ಅಂಗಡಿ, ಶಾಲೆ, ಆಸ್ಪತ್ರೆಗಳ ಪ್ರಕಟಣೆಯಲ್ಲಿ ಇರುವ ಅದೇ ಮಾತು. ಅದನ್ನು ನಾನು ಯೋಚಿಸಿ ಬರೆದದ್ದಲ್ಲ, ಬೇರೆ ಯಾರದೋ ಪ್ರಕಟಣೆ ನೋಡಿ ಹಾಗೆಯೇ ಬರೆದದ್ದು. ಆಕರ್ಷಕ ಎಂಬ ಶಬ್ದವನ್ನು ಮೂವತ್ತೈದು ಸಾವಿರ ಬೇಕಾದವರು ಮೂವತ್ತೈದು ಎಂದು ಓದಿಕೊಳ್ಳುತ್ತಾರೆ, ಹನ್ನೆರಡು ಸಿಕ್ಕರೆ ಸಾಕು ಎನ್ನುವವರು ಹನ್ನೆರಡು ಎಂದು ಓದಿಕೊಳ್ಳುತ್ತಾರೆ. ಹಾಗಾಗಿ ಎಲ್ಲರೂ ಬರುತ್ತಾರೆ. ನನಗೆ ಅರವತ್ತೊಂದು ಅರ್ಜಿ ಬಂದವು. ಹದಿನಾಲ್ಕು ಜನರನ್ನು ಕರೆದೆ, ಒಂಬತ್ತು ಜನ ಬಂದರು. ಅಂಗಡಿಯ ಕೆಲಸ ಬಿಟ್ಟು ಮೂರು ವಾರ ಇದರಲ್ಲೇ ಕಳೆದೆ. ಮೂವರಿಗೆ ಕೆಲಸ ಕೊಡುತ್ತೇನೆ ಅಂದೆ. ಮೂವರೂ ಸಂಬಳ ಕೇಳಿದ ಮೇಲೆ ಬರಲಿಲ್ಲ.

ನಮ್ಮದು ಉಪ್ಪಳದ ಹತ್ತಿರ ಟೈಲ್ಸ್ ಮತ್ತು ಸ್ಯಾನಿಟರಿ ಸಾಮಾನಿನ ಅಂಗಡಿ. ನನ್ನನ್ನು ಬಿಟ್ಟು ಹನ್ನೆರಡು ಜನ ಕೆಲಸ ಮಾಡುತ್ತಾರೆ. ಗಡಿಯ ಅಂಗಡಿಯ ಲೆಕ್ಕ ಸ್ವಲ್ಪ ಕಿರಿಕಿರಿಯದ್ದು. ಮಂಗಳೂರಿನಿಂದ ಬಂದ ಮಾಲು ಹತ್ತಿರದ್ದೇ ಆದರೂ ಬೇರೆ ರಾಜ್ಯದ್ದು, ಅದಕ್ಕೆ ಐಜಿಎಸ್‌ಟಿ. ಕಣ್ಣೂರಿನಿಂದ ಬಂದದ್ದು ದೂರದ್ದಾದರೂ ನಮ್ಮ ರಾಜ್ಯದ್ದೇ, ಅದಕ್ಕೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ನಡುವೆ 14ನೇ ತಾರೀಕಿಗೆ ಪೋರ್ಟಲಿನಲ್ಲಿ ಬರುವ 2ಬಿಯನ್ನು ನಮ್ಮ ಖರೀದಿ ಬಿಲ್ಲುಗಳೊಂದಿಗೆ ತಾಳೆ ನೋಡಬೇಕು. ಒಂದು ಬಿಲ್ಲು ತಪ್ಪಿದರೆ ಕಟ್ಟಿದ ತೆರಿಗೆ ಹಿಂದೆ ಸಿಗುವುದು ತಡವಾಗುತ್ತದೆ. ಹೀಗಾಗಿ ಬರೇ ಬಿಲ್ಲು ಹೊಡೆಯುವವರಿಗೂ ರಿಟರ್ನ್ಸ್ ತಯಾರು ಮಾಡುವವರಿಗೂ ಬಹಳ ವ್ಯತ್ಯಾಸ ಉಂಟು, ಸಂಬಳದಲ್ಲೂ ವ್ಯತ್ಯಾಸ ಇರಲೇಬೇಕು. ಆದರೆ ಆ ವ್ಯತ್ಯಾಸ ನನ್ನ ತಲೆಯೊಳಗೆ ಇತ್ತೇ ಹೊರತು ಪ್ರಕಟಣೆಯಲ್ಲಿ ಇರಲಿಲ್ಲ.

ಎರಡನೇ ಸಲ ಹೀಗೆ ಬರೆದೆ:

"ಅಕೌಂಟ್ಸ್ ಕೆಲಸಕ್ಕೆ ಒಬ್ಬರು ಬೇಕು. ಸಂಬಳ ತಿಂಗಳಿಗೆ 18,000ದಿಂದ 24,000 ರೂಪಾಯಿ. ಬಿಲ್ಲಿಂಗ್, ಟ್ಯಾಲಿ ಎಂಟ್ರಿ ಮತ್ತು ಬ್ಯಾಂಕ್ ತಾಳೆ ಗೊತ್ತಿರುವವರಿಗೆ 18,000. ಇವುಗಳ ಜೊತೆ 2ಬಿ ತಾಳೆ ನೋಡಲು ಬಲ್ಲವರಿಗೆ 20,000ದ ಆಸುಪಾಸು. ಯಾರ ಸಹಾಯವೂ ಇಲ್ಲದೆ ಜಿಎಸ್‌ಟಿಆರ್-1 ಮತ್ತು 3ಬಿ ತಯಾರು ಮಾಡಬಲ್ಲವರಿಗೆ 22,000ದಿಂದ 24,000. ಸಂಬಳ 21,000ದವರೆಗೆ ಇದ್ದರೆ ಇಎಸ್‌ಐ ಉಂಟು. ಪಿಎಫ್ ಇಲ್ಲ. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ. ಆದಿತ್ಯವಾರ ರಜೆ. ಕನ್ನಡ, ಮಲಯಾಳ ಎರಡೂ ಮಾತಾಡಲು ಬರಬೇಕು."

ಪಿಎಫ್ ಇಲ್ಲ ಎಂದು ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಕಡೆ ಅದು ಕಡ್ಡಾಯವಲ್ಲ, ನಾವು ಕೊಡುತ್ತಿಲ್ಲ. ಇಲ್ಲದ್ದನ್ನು ಇಲ್ಲ ಎಂದು ಬರೆದರೆ ಜನ ಬರುವುದಿಲ್ಲವೇನೋ ಎಂಬ ಹೆದರಿಕೆ. ಆದರೆ ಅದು ಬೇಕೇ ಬೇಕು ಎನ್ನುವವರು ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಬಿಟ್ಟು ಹೋಗುವುದಕ್ಕಿಂತ ಮೊದಲೇ ಬಾರದಿರುವುದು ಒಳ್ಳೆಯದಲ್ಲವೇ?

ಈ ಸಲ ಹದಿನೇಳು ಅರ್ಜಿ. ನನ್ನ ತಮ್ಮ ನಗಾಡಿದ, "ಅರವತ್ತು ಬಂದದ್ದು ಹದಿನೇಳಕ್ಕೆ ಇಳಿಯಿತು, ನಿನ್ನ ಸತ್ಯ ಹೇಳುವ ಪ್ರಯೋಗ ಆಯಿತಲ್ಲ" ಅಂತ. ಆದರೆ ಅರ್ಜಿಗಳನ್ನು ತೆರೆದು ನೋಡಿದರೆ ಬೇರೆಯೇ ಸಂಗತಿ. ಹದಿನೇಳರಲ್ಲಿ ಹನ್ನೊಂದು ಜನ, ತಮಗೆ ಯಾವ ಹಂತದ ಕೆಲಸ ಬರುತ್ತದೆ ಎಂದು ತಾವೇ ಬರೆದಿದ್ದರು. "ನನಗೆ 2ಬಿ ನೋಡಲು ಬರುತ್ತದೆ, ರಿಟರ್ನ್ಸ್ ನಾನೇ ಸ್ವತಃ ಮಾಡಿಲ್ಲ" ಎಂದು ಒಬ್ಬ ಹುಡುಗ ಬರೆದಿದ್ದ. ಹಿಂದಿನ ಅರವತ್ತೊಂದು ಅರ್ಜಿಯಲ್ಲಿ ಒಬ್ಬರೂ ತನಗೆ ಏನು ಬರುವುದಿಲ್ಲ ಎಂದು ಬರೆದಿರಲಿಲ್ಲ. ಯಾಕೆ ಬರೆಯುತ್ತಾರೆ? ಸಂಬಳ ಎಷ್ಟೆಂದು ಗೊತ್ತಿಲ್ಲದಾಗ ಎಲ್ಲವೂ ಬರುತ್ತದೆ ಎಂದು ಬರೆಯುವುದೇ ಜಾಣತನ. ಕಾಣದ ದರಕ್ಕೆ ತನ್ನ ಮಾಲನ್ನು ಮಾರಬೇಕಾದವನು ಅದನ್ನು ಹೊಗಳದೆ ಬೇರೆ ದಾರಿಯಿಲ್ಲ.

ಮೇಲಿನ ಮಿತಿ 24,000 ಎಂದು ಗೊತ್ತಾದ ಕೂಡಲೇ ಮೂವತ್ತೈದು ಬೇಕಾದವರು ತಾವಾಗಿಯೇ ಬಿಟ್ಟರು. ಅವರ ಸಮಯ ಉಳಿಯಿತು, ನನ್ನ ಸಮಯವೂ. ಇದು ಎಲ್ಲರೂ ಹೇಳುವ ಲಾಭ, ಸುಲಭವಾಗಿ ಕಾಣುವ ಲಾಭ. ನನಗೆ ಗೊತ್ತಿಲ್ಲದೆ ಇದ್ದದ್ದು ಇನ್ನೊಂದು ಕಡೆಯದ್ದು. ಕೆಳಗಿನ ಮಿತಿ 18,000 ಎಂದು ಬರೆದದ್ದರಿಂದ, ಮೊದಲ ಪ್ರಕಟಣೆಗೆ ಅರ್ಜಿಯನ್ನೇ ಹಾಕದಿದ್ದ ಒಬ್ಬರು ಎರಡನೇ ಸಲ ಹಾಕಿದರು.

ಅವರು ಬಿ.ಕಾಂ. ಮಾಡಿದ ಹೆಂಗಸು. ಮದುವೆಗೆ ಮುಂಚೆ ಮಂಗಳೂರಿನ ಒಬ್ಬ ಸಿಎ ಕಚೇರಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದರು. ಮಗು ಆದ ಮೇಲೆ ನಾಲ್ಕು ವರ್ಷ ಮನೆಯಲ್ಲಿ. ಮೊದಲ ಪ್ರಕಟಣೆ ಅವರೂ ನೋಡಿದ್ದರಂತೆ. ಯಾಕೆ ಹಾಕಲಿಲ್ಲ ಎಂದು ಕೇಳಿದೆ. ತಾಯಿಯ ಮನೆಯಲ್ಲಿ ಮಗುವನ್ನು ಬಿಟ್ಟು ಬರಬೇಕು, ಬಸ್ಸಿನ ಖರ್ಚು, ಇದೆಲ್ಲ ಕಳೆದು ಏನು ಉಳಿಯುತ್ತದೆ ಎಂದು ಲೆಕ್ಕ ಹಾಕದೆ ಮನೆಯಲ್ಲಿ ಮಾತೆತ್ತಲು ಆಗುವುದಿಲ್ಲ ಅಂದರು. "ಆಕರ್ಷಕ ಸಂಬಳ ಅಂತ ಹೇಳಿ ಅತ್ತೆಯ ಹತ್ತಿರ ಕೇಳಲಿಕ್ಕೆ ಆಗುತ್ತದಾ? ಎಷ್ಟು ಅಂತ ಅವರು ಕೇಳುತ್ತಾರೆ." ಈಗ ಹದಿನೆಂಟು ಎಂಬ ಅಂಕಿಯನ್ನು ಹಿಡಿದುಕೊಂಡು ಮನೆಯಲ್ಲಿ ಕೂತು ಮಾತಾಡಿ, ಒಪ್ಪಿಸಿ, ಆಮೇಲೆ ಅರ್ಜಿ ಹಾಕಿದ್ದರು.

ಕುತೂಹಲಕ್ಕೆ ಇನ್ನೊಂದು ಕೇಳಿದೆ. ನಾನು ಸಂಬಳ ಬರೆಯದೆ "ನಿಮ್ಮ ನಿರೀಕ್ಷೆ ಎಷ್ಟು" ಎಂದು ಕೇಳಿದ್ದರೆ ಏನು ಹೇಳುತ್ತಿದ್ದಿರಿ? ಸ್ವಲ್ಪ ಹೊತ್ತು ಸುಮ್ಮನಿದ್ದು "ಹನ್ನೆರಡು" ಅಂದರು.

ಹನ್ನೆರಡು! ಆ ಕೆಲಸಕ್ಕೆ ಹದಿನೆಂಟಕ್ಕಿಂತ ಕಡಿಮೆ ಕೊಡಬಾರದೆಂದು ನಾನೇ ತೀರ್ಮಾನಿಸಿದ್ದೆ. ಆದರೆ ನಿಜ ಹೇಳಬೇಕಾದರೆ, ಅವರು ಹನ್ನೆರಡು ಎಂದು ಬಾಯಿಬಿಟ್ಟಿದ್ದರೆ ನಾನು ಹದಿಮೂರು ಅಂದು ದೊಡ್ಡ ಮನಸ್ಸಿನವನಂತೆ ನಕ್ಕು ಕಳಿಸುತ್ತಿದ್ದೆನೇನೋ. ವ್ಯಾಪಾರಿಯ ಬುದ್ಧಿ. ಮತ್ತೆ ಆರು ತಿಂಗಳಲ್ಲಿ ಪಕ್ಕದ ಅಂಗಡಿಯವರ ಸಂಬಳ ಅವರಿಗೆ ಗೊತ್ತಾಗುತ್ತಿತ್ತು, ಬಿಟ್ಟು ಹೋಗುತ್ತಿದ್ದರು, ನಾನು ಜನ ನಿಲ್ಲುವುದಿಲ್ಲ ಎಂದು ಗೊಣಗುತ್ತಿದ್ದೆ. "ನಿರೀಕ್ಷೆ ಎಷ್ಟು" ಎಂಬ ಪ್ರಶ್ನೆ ಎಲ್ಲರಿಗೂ ಒಂದೇ ತೂಕದ್ದಲ್ಲ. ಗಲ್ಫ್ ನೋಡಿ ಬಂದವನಿಗೆ ಅದು ಚೌಕಾಸಿಯ ಆರಂಭ. ನಾಲ್ಕು ವರ್ಷ ಮನೆಯಲ್ಲಿದ್ದು ಹೊರಗೆ ಕಾಲಿಡುವವರಿಗೆ ಅದು ತಮ್ಮ ಬೆಲೆಯನ್ನು ತಾವೇ ಇಳಿಸಿಕೊಳ್ಳುವ ಬಾಗಿಲು.

ಅವರನ್ನು 19,500ಕ್ಕೆ ತೆಗೆದುಕೊಂಡೆ. ಇದರಲ್ಲಿ ಇಎಸ್‌ಐಗೆ ಅವರ ಪಾಲು ಶೇಕಡಾ 0.75, ಅಂದರೆ ಸುಮಾರು 147 ರೂಪಾಯಿ ಹೋಗುತ್ತದೆ. ನನ್ನ ಪಾಲು ಶೇಕಡಾ 3.25, ಸುಮಾರು 634 ರೂಪಾಯಿ, ಅದು ಸಂಬಳದ ಹೊರಗೆ. ಇದನ್ನೂ ಮೊದಲ ದಿನವೇ ಕಾಗದದಲ್ಲಿ ಬರೆದು ಕೊಟ್ಟೆ. ದೊಡ್ಡ ಕಂಪೆನಿಗಳು ಸಿಟಿಸಿ ಎಂದು ಹೇಳುವ ಅಂಕಿಯಲ್ಲಿ ಯಜಮಾನನ ಪಾಲಿನ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಸಿ ದೊಡ್ಡದು ಮಾಡಿ ತೋರಿಸುತ್ತಾರೆ. ಕೈಗೆ ಬರುವಾಗ ಹುಡುಗರಿಗೆ ಮೋಸ ಹೋದ ಹಾಗೆ ಆಗುತ್ತದೆ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುವಾಗ ಅಂಕಿಯ ಮುಂದೆ ಸಿಟಿಸಿ ಎಂದಿದೆಯೇ, ಕೈಗೆ ಬರುವ ಮೊತ್ತವೇ ಎಂದು ಕೇಳಿಕೊಳ್ಳಲಿ. ಆರು ತಿಂಗಳಲ್ಲಿ ಅವರು ರಿಟರ್ನ್ಸ್ ಸ್ವಂತ ತಯಾರು ಮಾಡಲು ಕಲಿತರು. ಪ್ರಕಟಣೆಯಲ್ಲಿ ಬರೆದದ್ದು ನೆನಪಿಸಬೇಕಾಗಿಯೇ ಬರಲಿಲ್ಲ, 22,000 ಮಾಡಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಆದರೆ ಕತೆಯ ಕಹಿ ಭಾಗ ಹೇಳದೆ ಬಿಟ್ಟರೆ ಇದನ್ನು ಓದಿ ನಾಳೆ ಪ್ರಕಟಣೆ ಹಾಕುವವರು ನಾನು ಬಿದ್ದ ಗುಂಡಿಗೇ ಬೀಳುತ್ತಾರೆ.

ನಮ್ಮ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇರುವ ಒಬ್ಬರಿದ್ದಾರೆ. ನನ್ನ ಬಾಪನ ಕಾಲದವರು. ನಾನು ಕಾಕ ಎಂದೇ ಕರೆಯುವುದು. ಗೋದಾಮು, ಡೆಲಿವರಿ, ಯಾವ ಪೆಟ್ಟಿಗೆಯಲ್ಲಿ ಯಾವ ಬ್ಯಾಚಿನ ಟೈಲ್ಸ್ ಉಂಟು, ಎಲ್ಲ ಅವರ ತಲೆಯಲ್ಲಿ. ಪ್ರಕಟಣೆ ಹಾಕಿದ ಎರಡು ದಿನ ಅವರು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಬಾಗಿಲು ಹಾಕುವ ಹೊತ್ತಿಗೆ ಬಂದು ಕೇಳಿದರು, "ಮೋನೇ, ಹೊಸಬರಿಗೆ ಹದಿನೆಂಟರಿಂದ ಶುರುವಾ?"

ಅವರಿಗೆ ನಾನು ಕೊಡುತ್ತಿದ್ದದ್ದು 17,500.

ಬೇಕೆಂದು ಮಾಡಿದ್ದಲ್ಲ. ವರ್ಷಕ್ಕೆ ಐನೂರು, ಏಳುನೂರು ಹೆಚ್ಚಿಸುತ್ತಾ ಬಂದಿದ್ದೆ. ಹೊರಗೆ ಹೊಸಬರ ಸಂಬಳ ಏರಿದ ವೇಗಕ್ಕೆ ಅದು ಸಮನಾಗಲಿಲ್ಲ. ಹಳಬರು ಕೇಳುವುದಿಲ್ಲ, ನಾವು ನೋಡುವುದಿಲ್ಲ. ಸಂಬಳ ಗುಟ್ಟಾಗಿ ಇರುವಷ್ಟು ದಿನ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರಕಟಣೆಯಲ್ಲಿ ಸಂಬಳ ಬರೆಯದಿರಲು ಕಾರಣ ಕೇಳಿದರೆ ನಮ್ಮ ವ್ಯಾಪಾರಿಗಳು ಪಕ್ಕದ ಅಂಗಡಿಯವರಿಗೆ ಗೊತ್ತಾಗುತ್ತದೆ ಎನ್ನುತ್ತಾರೆ. ನಾನು ನಂಬುವುದಿಲ್ಲ. ಉಪ್ಪಳದಲ್ಲಿ ಯಾರ ಅಂಗಡಿಯಲ್ಲಿ ಎಷ್ಟು ಕೊಡುತ್ತಾರೆ ಎಂದು ಹೋಟೆಲಿನಲ್ಲಿ ಚಹಾ ಕುಡಿಯುವವರಿಗೆಲ್ಲ ಗೊತ್ತುಂಟು. ಹೆದರಿಕೆ ಇರುವುದು ಪಕ್ಕದ ಅಂಗಡಿಯವನದ್ದಲ್ಲ, ತಮ್ಮದೇ ಹಾಜರಿ ಪುಸ್ತಕದ್ದು.

ಆ ರಾತ್ರಿ ಸಂಬಳದ ಪುಸ್ತಕ ಬಿಡಿಸಿ ಕೂತೆ. ಹನ್ನೆರಡು ಜನರಲ್ಲಿ ನಾಲ್ವರ ಸಂಬಳ ಅವರ ಕೆಲಸಕ್ಕೆ ಇಂದು ಹೊಸಬರನ್ನು ತಂದರೆ ಕೊಡಬೇಕಾದದ್ದಕ್ಕಿಂತ ಕಡಿಮೆ ಇತ್ತು. ನಾಲ್ವರನ್ನೂ ಸರಿಮಾಡಲು ತಿಂಗಳಿಗೆ 11,400 ರೂಪಾಯಿ ಬೇಕಾಯಿತು. ಸಣ್ಣ ಅಂಗಡಿಗೆ ಅದು ಸಣ್ಣ ಮೊತ್ತವಲ್ಲ. ಮೂರು ವಾರ ನಾನು ಸುಮ್ಮನೆ ಇಂಟರ್‌ವ್ಯೂ ಮಾಡಿ ಕಳೆದದ್ದಕ್ಕೆ, ಅಕೌಂಟ್ಸ್ ಇಲ್ಲದೆ 3ಬಿ ತಡವಾಗಿ ಕಟ್ಟಿದ ಬಡ್ಡಿಗೆ ಬೆಲೆ ಕಟ್ಟಿದರೆ ಅದೂ ಸಣ್ಣದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಾಕನಿಗೆ 22,000 ಮಾಡುತ್ತೇನೆ ಅಂದೆ. ಅವರು ಬೇಡ, 20,800 ಮಾಡು ಅಂದರು. ನಾನು ಅರ್ಥವಾಗದೆ ನೋಡಿದೆ. ಅವರ ಹೆಂಡತಿಯ ಚಿಕಿತ್ಸೆ ನಡೆಯುವುದು ಇಎಸ್‌ಐಯಲ್ಲಿ. ಸಂಬಳ 21,000 ದಾಟಿದರೆ ಆಗ ನಡೆಯುತ್ತಿರುವ ಆರು ತಿಂಗಳ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್‌ವರೆಗೆ, ಇಎಸ್‌ಐ ಇರುತ್ತದೆ, ಆಮೇಲೆ ಇಲ್ಲ. ಸಾವಿರದ ಇನ್ನೂರು ರೂಪಾಯಿ ಹೆಚ್ಚು ಸಿಕ್ಕಿ ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಅವರಿಗೆ ನಷ್ಟ. ಅಂಕಿ ಎದುರಿಗೆ ಇದ್ದ ಕಾರಣ ಅವರು ತನ್ನ ಮನೆಗೆ ಯಾವುದು ಸರಿ ಎಂದು ಆರಿಸಿಕೊಂಡರು. ನಾನೇ ಉದಾರತನ ತೋರಿಸಿ ಸುಮ್ಮನೆ ಹೆಚ್ಚಿಸಿದ್ದರೆ ಅವರ ಮನೆಗೆ ಕೇಡು ಮಾಡುತ್ತಿದ್ದೆ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಪ್ರಕಟಣೆ ಹಾಕುವ ಮೊದಲು ನಿಮ್ಮ ಹಳಬರ ಸಂಬಳ ನೋಡಿ. ಅದನ್ನು ಸರಿಮಾಡಿದ ಮೇಲೆ ಹೊಸಬರ ಅಂಕಿ ಬರೆಯಿರಿ.

ಅಂಕಿ ಬರೆಯುವುದರಲ್ಲೂ ಕಳ್ಳಾಟ ಉಂಟು. ನ್ಯೂಯಾರ್ಕ್ ನಗರದಲ್ಲಿ ಉದ್ಯೋಗದ ಪ್ರಕಟಣೆಯಲ್ಲಿ ಸಂಬಳದ ಮಿತಿ ಬರೆಯಬೇಕೆಂಬ ಕಾನೂನು 2022ರ ನವೆಂಬರ್‌ನಲ್ಲಿ ಜಾರಿಯಾದಾಗ, ಕೆಲವರು ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಆಕಾಶ ಭೂಮಿಯ ಅಂತರ ಇಟ್ಟು ಬರೆದರು. ಕಾನೂನು ಪಾಲಿಸಿದ ಹಾಗೂ ಆಯಿತು, ಏನೂ ಹೇಳದ ಹಾಗೂ ಆಯಿತು. ಅದಕ್ಕೂ ಮೊದಲು, 2021ರಲ್ಲಿ ಕೊಲರಾಡೊ ರಾಜ್ಯದಲ್ಲಿ ಇಂಥದ್ದೇ ಕಾನೂನು ಬಂದಾಗ, ಮನೆಯಿಂದ ಮಾಡುವ ಕೆಲಸಗಳ ಪ್ರಕಟಣೆಯಲ್ಲಿ ಕೊಲರಾಡೊದವರು ಅರ್ಜಿ ಹಾಕಬೇಡಿ ಎಂದು ಬರೆದ ಕಂಪೆನಿಗಳೂ ಇದ್ದವು. ಸಂಬಳ ಹೇಳುವುದಕ್ಕಿಂತ ಒಂದು ರಾಜ್ಯದ ಜನರೇ ಬೇಡ! ನಮ್ಮಲ್ಲಿ ಖಾಸಗಿಯವರಿಗೆ ಅಂಥ ಕಾನೂನಿಲ್ಲ. ಆದರೆ ಕೇರಳ ಪಿಎಸ್‌ಸಿಯ ಯಾವುದೇ ಅಧಿಸೂಚನೆ ತೆಗೆದು ನೋಡಿ, ಹುದ್ದೆಯ ಹೆಸರಿನ ಜೊತೆಗೇ ವೇತನ ಶ್ರೇಣಿ ಇರುತ್ತದೆ. ಕಾಸರಗೋಡಿನಲ್ಲಿ ಕನ್ನಡ ಮತ್ತು ಮಲಯಾಳ ಬಲ್ಲವರಿಗೆಂದು ಬರುವ ಗುಮಾಸ್ತ ಹುದ್ದೆಗೆ ಎಷ್ಟು ಸಂಬಳ ಎಂದು ನಮ್ಮ ಮನೆಗಳಲ್ಲಿ ಉಮ್ಮಂದಿರೂ ಹೇಳುತ್ತಾರೆ. ಸರಕಾರಿ ಕೆಲಸದ ಮೇಲೆ ನಮ್ಮವರಿಗೆ ಇರುವ ಭರವಸೆಗೆ ಅದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಹಾಗಾಗಿ ಅರ್ಜಿ ಹಾಕುವವರು ಅಂಕಿಯ ಅಗಲ ನೋಡಬೇಕು. ಹದಿನೆಂಟರಿಂದ ಇಪ್ಪತ್ತನಾಲ್ಕು ಎಂದರೆ ಅದಕ್ಕೊಂದು ಅರ್ಥ ಇರಬಹುದು. ಹದಿನೈದರಿಂದ ಅರವತ್ತು ಎಂದಿದ್ದರೆ ಅದು ಹೆಚ್ಚಾಗಿ ಸೇಲ್ಸ್ ಕೆಲಸ, ಹದಿನೈದು ಮಾತ್ರ ಖಾತ್ರಿ, ಉಳಿದದ್ದು ಟಾರ್ಗೆಟ್ ಮುಟ್ಟಿದರೆ. "ಮೇಲಿನ ಅಂಕಿ ಈಗ ನಿಮ್ಮಲ್ಲಿ ಯಾರಿಗಾದರೂ ಸಿಗುತ್ತಿದೆಯೇ?" ಎಂದು ಕೇಳಿ ನೋಡಿ. ಉತ್ತರ ಕೊಡುವವರ ಮುಖದಲ್ಲೇ ಗೊತ್ತಾಗುತ್ತದೆ.

ಗಲ್ಫಿನ ಪ್ರಕಟಣೆಗಳಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಯುಎಇಯಲ್ಲಿ 3,000 ದಿರ್ಹಂ ಎಂದು ಹೇಳಿದರೆ ಅದರಲ್ಲಿ ಬೇಸಿಕ್ ಎಷ್ಟು ಎಂದು ಕೇಳದೆ ಹೊರಡಬೇಡಿ. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳದ ಲೆಕ್ಕ. ಬೇಸಿಕ್ 2,000 ಇದ್ದರೆ ಐದು ವರ್ಷಕ್ಕೆ ಸುಮಾರು 7,000 ದಿರ್ಹಂ ಕೈಗೆ ಬರುತ್ತದೆ. ಅದೇ 3,000ದಲ್ಲಿ ಬೇಸಿಕ್ 1,200 ಮಾತ್ರ ಇದ್ದರೆ 4,200. ತಿಂಗಳ ಸಂಬಳ ಒಂದೇ, ಊರಿಗೆ ತರುವುದು ಬೇರೆ. ಮಗಳಿಗೆ ಗಂಡು ನೋಡುವಾಗ ಹುಡುಗನ ಸಂಬಳವನ್ನು ಚಹಾ ಆರುವ ಮೊದಲು ಕೇಳುವ ನಾವು, ಮಗನನ್ನು ವಿಮಾನ ಹತ್ತಿಸುವಾಗ ಇದನ್ನು ಕೇಳಲು ನಾಚಿಕೆಪಡುತ್ತೇವೆ.

ಸಂಬಳ ಬರೆದರೆ ಎಲ್ಲರೂ ಮೇಲಿನ ಅಂಕಿಯನ್ನೇ ಕೇಳುತ್ತಾರೆ ಎಂಬ ದೂರು ಉಂಟು. ಅದು ಸುಳ್ಳಲ್ಲ. ನನ್ನ ಹತ್ತಿರವೂ ಇಬ್ಬರು ಬರೇ ಬಿಲ್ಲಿಂಗ್ ಮಾತ್ರ ಗೊತ್ತಿದ್ದು 24,000 ಕೇಳಿದರು. ಪ್ರಕಟಣೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಎಂದು ಬರೆದಿದ್ದ ಕಾರಣ ವಾದ ಮಾಡಬೇಕಾಗಲಿಲ್ಲ, ಆ ಸಾಲನ್ನು ತೋರಿಸಿದೆ, ಅಷ್ಟೇ. ಬರೇ ಎರಡು ಅಂಕಿ ಬರೆದು ಬಿಟ್ಟಿದ್ದರೆ ನನಗೂ ಉತ್ತರ ಇರುತ್ತಿರಲಿಲ್ಲ. ಮತ್ತೆ, ಒಂದು ಒಳ್ಳೆಯ ಅವಕಾಶ ತಪ್ಪಿತೇ ಎಂಬ ಸಂಶಯವೂ ನನಗೆ ಇಲ್ಲದಿಲ್ಲ. ಕುಂಬಳೆಯ ಆ ಮನುಷ್ಯನಂಥವರು ಇಪ್ಪತ್ತೆಂಟಕ್ಕೆ ಒಪ್ಪುತ್ತಿದ್ದರೇನೋ, 24,000 ನೋಡಿ ಬಾರದೆ ಉಳಿದರೇನೋ. ಆದರೆ ನನ್ನ ಅಂಗಡಿ ಇಪ್ಪತ್ತೆಂಟು ಕೊಡುವ ಸ್ಥಿತಿಯಲ್ಲಿ ಇರಲಿಲ್ಲ, ಅದೂ ನಿಜ.

ಮೊನ್ನೆ ಗೋದಾಮಿಗೆ ಒಬ್ಬ ಹುಡುಗ ಬೇಕೆಂದು ಪ್ರಕಟಣೆ ಬರೆದು, ಹಾಕುವ ಮೊದಲು ಕಾಕನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸಂಬಳದ ಅಂಕಿಯ ಬಗ್ಗೆ ಏನೂ ಹೇಳಲಿಲ್ಲ. "ಸಂಜೆ ಆರೂವರೆ ಅಂತ ಬರೆದಿದ್ದಿ. ಲೋಡ್ ಬಂದ ದಿನ ಎಂಟಾಗುತ್ತದೆ. ಅದನ್ನೂ ಬರೆ, ಆ ದಿನದ್ದು ಎಷ್ಟು ಕೊಡುತ್ತಿ ಅಂತ ಸಹ ಬರೆ" ಎಂದು ಕಾಗದ ವಾಪಸು ಕೊಟ್ಟರು.